ಕಂಬಳಿಗೆ ನೆರಳು, ಕೌದಿಗೆ ನೀರು, ರಜಾಯಿಗೆ ಬಿಸಿಲು

ಶಿವರಾತ್ರಿ ಕಳೆದರೆ ಚಳಿ ಶಿವ ಶಿವ ಎಂದು ಹೊರಟುಹೋಗುತ್ತದೆ ಎಂಬ ಮಾತು ರಾಜ್ಯದ ಉದ್ದಗಲಕ್ಕೂ ಪ್ರಚಲಿತ. ಚಳಿ ಹೋದ ಮೇಲೆ ಮನೆಮನೆಯಲ್ಲೂ ಉಳಿಯುವ ಕೆಲಸವೆಂದರೆ ಮೂರ್ನಾಲ್ಕು ತಿಂಗಳು ಹೊದ್ದ ಹೊದಿಕೆಗಳನ್ನು ಶುಚಿಗೊಳಿಸಿ ಎತ್ತಿಡುವುದು. ವಿಚಿತ್ರವೆಂದರೆ ಬಹುಪಾಲು ಹೊದಿಕೆಗಳು ಹಾಳಾಗುವುದು ಹೊದ್ದು ಸವೆಸುವುದರಿಂದಲ್ಲ, ಈ ಶುಚಿಗೊಳಿಸುವ ದಿನವೇ.

ಉದಾಹರಣೆಗೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ ಒಂದರಲ್ಲಿರುವ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯಲ್ಲಿ ಮೂರು ಹೊದಿಕೆಗಳಿವೆ. ಚಳ್ಳಕೆರೆಯಿಂದ ತಂದ ಕರಿಯ ಕಂಬಳಿ, ಧಾರವಾಡದ ಕಡೆಯ ತವರಿನಿಂದ ಬಂದ, ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿ, ಹಾಗೂ ಎರಡು ಕಿಲೋ ಹತ್ತಿ ತುಂಬಿಸಿ ಹೊಲಿಸಿದ ರಜಾಯಿ. ಒಂದು ಭಾನುವಾರ ಮೂರನ್ನೂ ಒಂದರ ಹಿಂದೊಂದರಂತೆ ವಾಷಿಂಗ್‌ ಮಷೀನಿಗೆ ಹಾಕಿ, ಬಿಸಿನೀರು ಬಿಟ್ಟು, ಸಾಮಾನ್ಯ ಸೋಪಿನ ಪುಡಿಯಿಂದ ಒಗೆಯಲಾಯಿತು ಎನ್ನೋಣ. ಸಂಜೆಯ ಹೊತ್ತಿಗೆ ಕಂಬಳಿ ಗೇಣುದ್ದ ಕುಗ್ಗಿ ದಪ್ಪ ರಟ್ಟಿನಂತಾಗಿರುತ್ತದೆ. ರಜಾಯಿಯೊಳಗಿನ ಹತ್ತಿ ಅಲ್ಲಲ್ಲಿ ಮುದ್ದೆಗಟ್ಟಿ, ಉಳಿದೆಡೆ ಬರೀ ಎರಡು ಬಟ್ಟೆಗಳು ಅಂಟಿಕೊಂಡಿರುತ್ತವೆ. ಕೌದಿ ಮಾತ್ರ ಬಹುತೇಕ ಹೇಗಿತ್ತೋ ಹಾಗೆಯೇ ಹೊರಬಂದಿರುತ್ತದೆ.

ಒಂದೇ ನೀರು, ಒಂದೇ ಸೋಪು, ಒಂದೇ ಯಂತ್ರ. ಆದರೂ ಪರಿಣಾಮ ಮೂರು ಬಗೆಯದಾಯಿತು. ಇದರ ಕಾರಣ ತಿಳಿದರೆ ಯಾವ ಹೊದಿಕೆಯನ್ನು ಹೇಗೆ ನೋಡಿಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಒಳಗೇನಿದೆ ಎಂದು ತಿಳಿಯಬೇಕು

ಅಂಗಡಿಯಲ್ಲಿ ಉಣ್ಣೆಯ ಹೊದಿಕೆ ಎಂದು ಕೊಂಡದ್ದು ಅಕ್ರಿಲಿಕ್‌ ಆಗಿರಬಹುದು. ಹತ್ತಿಯ ರಜಾಯಿ ಎಂದು ತಂದದ್ದರೊಳಗೆ ಪಾಲಿಯೆಸ್ಟರ್‌ ನಾರು ಇರಬಹುದು. ಇದನ್ನು ಪತ್ತೆ ಹಚ್ಚಲು ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಹೊದಿಕೆಯ ಅಂಚಿನಿಂದ ಒಂದು ಎಳೆಯನ್ನು, ರಜಾಯಿಯಾದರೆ ಮೂಲೆಯ ಹೊಲಿಗೆಯನ್ನು ಒಂದಂಗುಲ ಬಿಚ್ಚಿ ಒಳಗಿನಿಂದ ಚಿಟಿಕೆಯಷ್ಟು ತುಂಬುವಿಕೆಯನ್ನು ತೆಗೆಯಬೇಕು. ಅದನ್ನು ಇಕ್ಕಳದಲ್ಲಿ ಹಿಡಿದು, ನೀರು ತುಂಬಿದ ತಟ್ಟೆಯ ಮೇಲೆ ಬೆಂಕಿ ತಾಗಿಸಬೇಕು.

ಹತ್ತಿಯಾದರೆ ಕಾಗದ ಉರಿದಂತೆ ಬೇಗ ಉರಿದು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಮೆದು ಬೂದಿ ಉಳಿಯುತ್ತದೆ. ಉಣ್ಣೆಯಾದರೆ ತಲೆಗೂದಲು ಸುಟ್ಟ ವಾಸನೆ ಬರುತ್ತದೆ. ಬೆಂಕಿಯಿಂದ ದೂರ ಸರಿಸಿದೊಡನೆ ಉರಿ ಬಹುಮಟ್ಟಿಗೆ ತಾನೇ ಆರುತ್ತದೆ. ಕೃತಕ ನಾರಾದರೆ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಂತಾಗುತ್ತದೆ. ಕೃತಕ ನಾರು ತುಂಬಿದ ರಜಾಯಿಯನ್ನು ಅದರ ಮೇಲಿನ ಚೀಟಿಯಲ್ಲಿರುವ ಸೂಚನೆಯಂತೆ ಯಂತ್ರದಲ್ಲೇ ಒಗೆಯಬಹುದು. ಆ ನಾರಿಗೆ ಸ್ಪ್ರಿಂಗಿನಂತಹ ಗುಣವಿರುವುದರಿಂದ ಒದ್ದೆಯಾದರೂ ಮತ್ತೆ ಉಬ್ಬಿಕೊಳ್ಳುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ಅಪ್ಪಟ ಉಣ್ಣೆ ಹಾಗೂ ಅಪ್ಪಟ ಹತ್ತಿಗೆ ಸಂಬಂಧಿಸಿದವು.

ಮಳೆಗೆ ಕುಗ್ಗದ ಕಂಬಳಿ ಮಷೀನಿನಲ್ಲಿ ಕುಗ್ಗುವುದೇಕೆ?

ಕುರಿಗಾಹಿಗಳು ಕಂಬಳಿ ಹೊದ್ದು ದಿನವಿಡೀ ಮಳೆಯಲ್ಲಿ ನಿಲ್ಲುತ್ತಾರೆ. ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ದುಡಿದವರಿದ್ದಾರೆ. ಅವರ ಕಂಬಳಿ ಕುಗ್ಗಲಿಲ್ಲ. ಆದ್ದರಿಂದ ಉಣ್ಣೆಗೆ ನೀರೇ ಶತ್ರುವೆಂಬ ನಂಬಿಕೆ ಅರ್ಧ ಮಾತ್ರ ಸತ್ಯ.

ಉಣ್ಣೆಯ ಪ್ರತಿಯೊಂದು ಎಳೆಯ ಮೇಲೂ ಮೀನಿನ ಮೈಮೇಲಿರುವಂತಹ ಅತಿ ಸಣ್ಣ ಹುರುಪೆಗಳಿರುತ್ತವೆ. ಅವೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ. ಬಿಸಿನೀರು ಮತ್ತು ಸೋಪಿನ ಕ್ಷಾರ ತಗುಲಿದಾಗ ಎಳೆಗಳು ಮೆತ್ತಗಾಗಿ, ಹುರುಪೆಗಳು ತೆರೆದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿ ತಿಕ್ಕಿದರೆ ಅಥವಾ ಯಂತ್ರ ತಿರುಗಿಸಿದರೆ ಎಳೆಗಳು ಒಂದರೊಳಗೊಂದು ಮುಂದಕ್ಕೆ ಸರಿಯುತ್ತವೆ. ಹುರುಪೆಗಳು ಸಿಕ್ಕಿಕೊಳ್ಳುವುದರಿಂದ ಹಿಂದಕ್ಕೆ ಬರಲಾರವು. ಹೀಗೆ ಗಳಿಗೆಗಳಿಗೆಗೂ ನೇಯ್ಗೆ ಬಿಗಿಯಾಗುತ್ತ ಹೋಗಿ ಕಂಬಳಿ ಕುಗ್ಗುತ್ತದೆ. ಒಮ್ಮೆ ಹೀಗಾದ ಮೇಲೆ ಅದನ್ನು ಪೂರ್ತಿಯಾಗಿ ಮೊದಲಿನಂತೆ ಮಾಡುವ ಉಪಾಯವಿಲ್ಲ. ಎಳೆದು ಹಿಗ್ಗಿಸಿದರೆ ಆಕಾರ ಕೆಡುತ್ತದೆಯೇ ಹೊರತು ಮೃದುತ್ವ ಮರಳಿ ಬರುವುದಿಲ್ಲ.

ಅಂದರೆ ಕಂಬಳಿಯನ್ನು ಹಾಳುಗೆಡವುವುದು ಬಿಸಿ, ಕ್ಷಾರ ಮತ್ತು ತಿಕ್ಕಾಟ. ಮಳೆಯಲ್ಲಿ ನೀರಷ್ಟೇ ಇತ್ತು, ಮಷೀನಿನಲ್ಲಿ ಎಲ್ಲವೂ ಒಟ್ಟಿಗೆ ಇದ್ದವು. ಒಗೆಯುವಾಗ ಈ ಮೂರನ್ನೂ ದೂರವಿಡುವುದೇ ಇದರ ಸೂತ್ರ.

ಆದರೆ ಅದಕ್ಕೂ ಮೊದಲು ಒಗೆಯುವ ಅಗತ್ಯ ಇದೆಯೇ ಎಂದು ನೋಡಬೇಕು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದಾಗ ಒದ್ದೆಯೆನಿಸುವುದಿಲ್ಲ; ಗಾಳಿಗೆ ಹಾಕಿದರೆ ಆ ತೇವದೊಂದಿಗೆ ಬೆವರಿನ ವಾಸನೆಯನ್ನೂ ಬಿಟ್ಟುಕೊಡುತ್ತದೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಗಾಳಿಯಾಡುವ ನೆರಳಿನಲ್ಲಿ ನಾಲ್ಕೈದು ತಾಸು ಹರಡಿ, ಮೆದು ಬ್ರಷ್ಷಿನಿಂದ ನೇಯ್ಗೆಯ ಉದ್ದಕ್ಕೆ ಧೂಳು ಗುಡಿಸಿದರೆ ಇಡೀ ಋತು ಒಗೆಯದೆ ಕಳೆಯಬಹುದು. ಊಟದ ಕಲೆಯೋ ಹಾಲಿನ ಕಲೆಯೋ ಬಿದ್ದರೆ ಅಷ್ಟು ಜಾಗವನ್ನು ಮಾತ್ರ ತಣ್ಣೀರಿನ ಬಟ್ಟೆಯಿಂದ ಒತ್ತಿ ತೆಗೆದರೆ ಸಾಕು.

ಹೊಸ ಕಂಬಳಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಕೈಮಗ್ಗದ ಕಂಬಳಿಯ ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುವುದು ನೇಕಾರರ ವಾಡಿಕೆ. ಹೊಸ ಕಂಬಳಿ ಬಿರುಸಾಗಿರಲು, ಒಂದು ಬಗೆಯ ವಾಸನೆ ಬರಲು ಅದೂ ಒಂದು ಕಾರಣ. ಮೊದಲ ಒಗೆತದಲ್ಲಿ ಗಂಜಿ ಬಿಟ್ಟು ನೀರು ಮಂದವಾಗುತ್ತದೆ. ಅದನ್ನು ಕಂಡು ಬಣ್ಣ ಹೋಗುತ್ತಿದೆಯೆಂದು ಗಾಬರಿಪಡಬೇಕಿಲ್ಲ. ಕರಿಯ ಕುರಿಯ ಉಣ್ಣೆಯ ಬಣ್ಣ ಹುಟ್ಟಿನಿಂದ ಬಂದದ್ದು. ಅಂಚಿನ ಪಟ್ಟಿಗೆ ಬಣ್ಣದ ನೂಲು ಹಾಕಿದ್ದರೆ ಮಾತ್ರ ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಕಂಬಳಿ ಒಗೆಯುವ ಕ್ರಮ

ಒಗೆಯಲೇಬೇಕಾದಾಗ ಹಿಂದಿನ ರಾತ್ರಿ ಹದಿನೈದು ಇಪ್ಪತ್ತು ಅಂಟುವಾಳದ ಕಾಯಿಗಳ ಬೀಜ ತೆಗೆದು ಸಿಪ್ಪೆಯನ್ನು ನೀರಿನಲ್ಲಿ ನೆನೆಯಿಡಬೇಕು. ಬೆಳಿಗ್ಗೆ ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಕಿವುಚಿ, ಸೋಸಿ, ಪೂರ್ತಿ ತಣಿಯಲು ಬಿಡಬೇಕು. ಅಂಟುವಾಳದ ನೊರೆ ಕ್ಷಾರವಲ್ಲ, ತುಸು ಆಮ್ಲೀಯ. ಆದ್ದರಿಂದ ಉಣ್ಣೆಗೆ ಒಗ್ಗುತ್ತದೆ. ಅದು ಸಿಗದಿದ್ದರೆ ಉಣ್ಣೆಗೆಂದೇ ಮಾರುವ ದ್ರವ ಸೋಪನ್ನು ಬಳಸಬಹುದು. ವಾಷಿಂಗ್‌ ಸೋಡ ಮತ್ತು ಬ್ಲೀಚಿಂಗ್‌ ದ್ರಾವಣಗಳನ್ನು ಮಾತ್ರ ಹತ್ತಿರವೂ ತರಬಾರದು. ಕ್ಲೋರಿನ್‌ ಇರುವ ಬ್ಲೀಚ್‌ ಉಣ್ಣೆಯ ಎಳೆಯನ್ನೇ ತಿನ್ನುತ್ತದೆ.

ದೊಡ್ಡ ಟಬ್ಬಿನಲ್ಲಿ ಕಂಬಳಿ ಮುಳುಗುವಷ್ಟು ತಣ್ಣೀರು ತುಂಬಿ ಈ ನೊರೆನೀರನ್ನು ಬೆರೆಸಬೇಕು. ನೀರು ಕೈಗೆ ತಂಪೆನಿಸಬೇಕು. 30 ಡಿಗ್ರಿ ಸೆಲ್ಸಿಯಸ್‌ ಮೀರಬಾರದು. ಕಂಬಳಿಯನ್ನು ಮಡಿಸಿಯೇ ಇಳಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಒತ್ತುತ್ತ ಬರಬೇಕು. ಕಲ್ಲಿಗೆ ಕುಕ್ಕುವುದು, ತಿಕ್ಕುವುದು, ತಿರುಚುವುದು ಸಲ್ಲದು. ಆಮೇಲೆ ಕಂಬಳಿಯನ್ನು ಎತ್ತದೆ ಟಬ್ಬನ್ನೇ ವಾಲಿಸಿ ನೀರು ಚೆಲ್ಲಬೇಕು. ಒದ್ದೆ ಕಂಬಳಿಯ ಭಾರ ಅದರ ಮೇಲೆಯೇ ಬಿದ್ದರೆ ನೇಯ್ಗೆ ಜಗ್ಗಿಹೋಗುತ್ತದೆ. ಮೊದಲಿನಷ್ಟೇ ತಂಪಿರುವ ನೀರಿನಲ್ಲಿ ನೊರೆ ಹೋಗುವವರೆಗೆ ಎರಡು ಮೂರು ಬಾರಿ ಜಾಲಿಸಬೇಕು.

ಬಳಿಕ ಒಣ ದುಪ್ಪಟಿಯ ಮೇಲೆ ಕಂಬಳಿಯನ್ನು ಹರಡಿ, ಎರಡನ್ನೂ ಚಾಪೆಯಂತೆ ಸುತ್ತಿ, ಮೇಲಿನಿಂದ ಒತ್ತಬೇಕು. ನೀರೆಲ್ಲ ದುಪ್ಪಟಿಗೆ ಇಳಿಯುತ್ತದೆ. ನಂತರ ಹಗ್ಗದ ಮಂಚದ ಮೇಲೆ ನೆರಳಿನಲ್ಲಿ ಅಗಲವಾಗಿ ಹರಡಿ ಒಣಗಿಸಬೇಕು. ಮಂಚವಿಲ್ಲದ ಮನೆಯಲ್ಲಿ ಒಂದು ಅಡಿ ಅಂತರದಲ್ಲಿ ಕಟ್ಟಿದ ನಾಲ್ಕು ಹಗ್ಗಗಳ ಮೇಲೆ ಭಾರ ಹಂಚಿಹೋಗುವಂತೆ ಹಾಸಬಹುದು. ಒಗೆಯುವ ಮುನ್ನ ಉದ್ದಗಲವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಂಡರೆ, ಇನ್ನೂ ತೇವವಿರುವಾಗಲೇ ಮೃದುವಾಗಿ ನೀವಿ ಅದೇ ಅಳತೆಗೆ ತರಲು ಅನುಕೂಲ.

ಡ್ರೈಕ್ಲೀನಿಂಗಿಗೆ ಕೊಡುವುದಾದರೂ ತಪ್ಪಿಲ್ಲ. ಆದರೆ ಮರಳಿ ಬಂದ ಕಂಬಳಿಯನ್ನು ಪ್ಲಾಸ್ಟಿಕ್‌ ಚೀಲದಿಂದ ಹೊರತೆಗೆದು, ದ್ರಾವಕದ ವಾಸನೆ ಹೋಗುವವರೆಗೆ ಬಾಲ್ಕನಿಯಲ್ಲಿ ಗಾಳಿಗೆ ಬಿಟ್ಟೇ ಹೊದೆಯಬೇಕು.

ಕೌದಿ ಗಂಟುಕಟ್ಟುವುದಿಲ್ಲ, ಏಕೆ?

ಉತ್ತರ ಕರ್ನಾಟಕದ ಮನೆಗಳ ಕೌದಿಯೂ ಹತ್ತಿಯದೇ, ರಜಾಯಿಯೂ ಹತ್ತಿಯದೇ. ಆದರೂ ಒಂದು ನೀರಿಗೆ ಅಂಜುವುದಿಲ್ಲ, ಇನ್ನೊಂದು ನೀರು ಕಂಡರೆ ಕೆಡುತ್ತದೆ. ವ್ಯತ್ಯಾಸವಿರುವುದು ಒಳಗಿನ ಪದರದಲ್ಲಿ. ಕೌದಿಯೊಳಗೆ ಬಿಡಿ ಹತ್ತಿ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಬೆರಳಗಲದ ಅಂತರದಲ್ಲಿ ಸಾಲುಸಾಲಾಗಿ ಕೈಹೊಲಿಗೆ ಹಾಕಿರುತ್ತಾರೆ. ಒಳಗಿರುವುದು ನೂತು ನೇಯ್ದ ಬಟ್ಟೆಯಾದ್ದರಿಂದ ಅಲ್ಲಿ ಸರಿದಾಡಲು ಏನೂ ಇಲ್ಲ.

ಹಾಗೆಂದು ಕೌದಿಗೆ ತೊಂದರೆಯೇ ಇಲ್ಲವೆಂದಲ್ಲ. ಅದರ ದುರ್ಬಲ ಸ್ಥಾನಗಳು ಮೂರು: ದಾರ, ಬಣ್ಣ ಮತ್ತು ನಡುವಿನ ಪದರದ ತೇವ. ಒಗೆಯುವ ಮುನ್ನ ಕೌದಿಯನ್ನು ಹರಡಿ ಕೈಯಾಡಿಸಿ, ಹರಿದ ದಾರಗಳನ್ನು ಮೊದಲು ಹೊಲಿದುಬಿಡಬೇಕು. ಬೆರಳುದ್ದದ ಬಿರುಕು ಒಗೆತದ ನಂತರ ಗೇಣುದ್ದವಾಗುತ್ತದೆ. ಕೆಂಪು, ಕಡುನೀಲಿ ಸೀರೆಗಳ ಭಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಬೇಕು. ಬಣ್ಣ ಅಂಟಿದರೆ ನೆನೆಯಿಡದೆ ತಣ್ಣೀರಿನಲ್ಲಿ ಬೇಗ ಒಗೆದು ಮುಗಿಸಬೇಕು. ಉಪ್ಪು ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಈಗಾಗಲೇ ಬಣ್ಣಹಾಕಿ ಮುಗಿದ ಬಟ್ಟೆಗೆ ಉಪ್ಪಿನಿಂದ ಪ್ರಯೋಜನವಿಲ್ಲ.

ಬಣ್ಣ ಗಟ್ಟಿಯಾಗಿರುವ ಕೌದಿಯನ್ನು ಬಿಸಿನೀರಿನಲ್ಲೂ ಒಗೆಯಬಹುದು. ಧೂಳಿನ ಅಲರ್ಜಿ, ಉಬ್ಬಸ ಇರುವ ಮನೆಗಳಿಗೆ ಇದೊಂದು ಅನುಕೂಲ. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು ಸಾಯಲು ನೀರು 55ರಿಂದ 60 ಡಿಗ್ರಿಯಷ್ಟು ಬಿಸಿ ಇರಬೇಕು. ಅಷ್ಟು ಬಿಸಿಯನ್ನು ತಾಳಿಕೊಳ್ಳುವುದು ಹತ್ತಿಯ ಬಟ್ಟೆ, ಉಣ್ಣೆಯಲ್ಲ.

ಒಣಗಿಸುವಾಗ ಮಾತ್ರ ಅವಸರ ಕೂಡದು. ಐದಾರು ಪದರದ ಕೌದಿಯ ಹೊರಮೈ ಅರ್ಧ ದಿನದಲ್ಲಿ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಅದನ್ನು ತಿಳಿಯಲು ಕೌದಿಯ ನಡುಭಾಗವನ್ನು ಮಡಿಸಿ ಕೆನ್ನೆಗೆ ಒತ್ತಿಕೊಳ್ಳಬೇಕು. ತಣ್ಣಗೆನಿಸಿದರೆ ಒಳಗೆ ನೀರಿದೆ ಎಂದರ್ಥ. ಹಾಗೇ ಮಡಿಸಿಟ್ಟರೆ ಕೆಲವೇ ದಿನಗಳಲ್ಲಿ ಮಣ್ಣಿನ ವಾಸನೆ ಬಂದು, ಕರಿಯ ಚುಕ್ಕೆಗಳು ಮೂಡುತ್ತವೆ. ಅದು ಬೂಷ್ಟು. ಆ ಚುಕ್ಕೆಗಳು ಪೂರ್ತಿ ಹೋಗುವುದು ಕಷ್ಟ.

ರಜಾಯಿಯೊಳಗೆ ಆಗುವುದೇನು?

ಈಗ ರಜಾಯಿಯ ಸಂಗತಿ. ಹಿಂಜಿದ ಹತ್ತಿ, ಅಂದರೆ ಅರಳೆ, ಬೆಚ್ಚಗಿರುವುದು ಹತ್ತಿಯಿಂದಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಹತ್ತಿಯ ಎಳೆಗೆ ಉಣ್ಣೆಯಂತೆ ಒತ್ತಿದರೆ ಮತ್ತೆ ಏಳುವ ಗುಣ ಕಡಿಮೆ. ನೀರು ಬಿದ್ದಾಗ ಎಳೆಗಳು ಮೆತ್ತಗಾಗಿ ಕುಸಿಯುತ್ತವೆ, ನಡುವಿನ ನೀರು ಅವುಗಳನ್ನು ಒಂದಕ್ಕೊಂದು ಎಳೆದು ಅಂಟಿಸುತ್ತದೆ. ಆ ಸ್ಥಿತಿಯಲ್ಲೇ ಒಣಗಿದರೆ ಗಂಟು ಗಟ್ಟಿಯಾಗುತ್ತದೆ. ಇದರ ಮೇಲೆ ಯಂತ್ರ ತಿರುಗಿದರೆ ಹತ್ತಿಯೆಲ್ಲ ಜಾರಿ ಮೂಲೆ ಸೇರುತ್ತದೆ. ಹತ್ತಿ ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಹಿಡಿಯಬಲ್ಲುದರಿಂದ ಎರಡು ಕಿಲೋ ಹತ್ತಿಯ ರಜಾಯಿ ಒದ್ದೆಯಾದಾಗ ಆರೇಳು ಕಿಲೋ ತೂಗಬಹುದು. ಆ ಭಾರಕ್ಕೆ ಹೊಲಿಗೆಗಳೂ ಕಿತ್ತುಬರುತ್ತವೆ.

ಎಷ್ಟು ಜಾರುತ್ತದೆ ಎಂಬುದನ್ನು ನಿರ್ಧರಿಸುವುದು ಹೊಲಿಗೆಯ ಅಂತರ. ಅಂಗೈ ಅಗಲಕ್ಕಿಂತ ಕಡಿಮೆ ಅಂತರದಲ್ಲಿ ಹೊಲಿದ ತೆಳು ರಜಾಯಿಯನ್ನು ಅನಿವಾರ್ಯವಾದರೆ ಕೈಯಲ್ಲಿ ಒತ್ತಿ ಒಗೆಯಬಹುದು. ಒಂದಡಿಗೊಂದರಂತೆ ಟಾಕು ಹಾಕಿದ ದಪ್ಪ ರಜಾಯಿಯನ್ನು ಒಗೆಯಲೇಬಾರದು. ಅದಕ್ಕೆ ಗುಂಡಿ ಅಥವಾ ಲಾಡಿ ಇರುವ ಹತ್ತಿಯ ಗವಸು ಹೊಲಿಸಿ, ಹದಿನೈದು ದಿನಕ್ಕೊಮ್ಮೆ ಆ ಗವಸನ್ನು ಮಾತ್ರ ಒಗೆಯುವುದೇ ಸರಿಯಾದ ಮಾರ್ಗ.

ರಜಾಯಿಗೆ ನೀರಿನ ಬದಲು ಬೇಕಾಗಿರುವುದು ಬಿಸಿಲು. ಮಳೆಗಾಲದ ಗಾಳಿಯಿಂದ ಎರಡು ಕಿಲೋ ಹತ್ತಿ ನೂರು ಗ್ರಾಮಿಗೂ ಹೆಚ್ಚು ತೇವವನ್ನು ಸದ್ದಿಲ್ಲದೆ ಹೀರಿಕೊಂಡಿರುತ್ತದೆ. ರಾತ್ರಿಯಿಡೀ ಹೊದ್ದಾಗ ಮೈಯ ಬೆವರೂ ಸೇರುತ್ತದೆ. ತೇವಗೊಂಡ ಹತ್ತಿ ದಿನದಿನಕ್ಕೂ ಒತ್ತಿಕೊಳ್ಳುತ್ತ ಹೋಗುತ್ತದೆ. ಗಂಟುಕಟ್ಟುವುದರ ಆರಂಭ ಇದೇ. ವಾರಕ್ಕೊಮ್ಮೆ ಬೆಳಿಗ್ಗೆ ಹತ್ತರ ನಂತರ, ಇಬ್ಬನಿ ಆರಿದ ಮೇಲೆ ಬಿಸಿಲಿಗೆ ಹಾಕಿ, ಒಂದೂವರೆ ತಾಸಿಗೆ ಮಗ್ಗುಲು ಬದಲಿಸಿ, ಮೂರು ಗಂಟೆಯೊಳಗೆ ಒಳತರಬೇಕು. ಸಂಜೆಯವರೆಗೆ ಬಿಟ್ಟರೆ ತಂಪುಗಾಳಿಯಿಂದ ಹತ್ತಿ ಮತ್ತೆ ತೇವ ಹೀರುತ್ತದೆ. ಬಿಸಿಲಿನಲ್ಲಿ ಕಾದಿರುವಾಗಲೇ ತೆಳುವಾದ ಬೆತ್ತದಿಂದ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಬಡಿದರೆ ಅರಳೆ ಸಡಿಲವಾಗಿ ಉಬ್ಬುತ್ತದೆ. ಜೋರಾಗಿ ಬಡಿದರೆ ಎಳೆ ತುಂಡಾಗಿ ಧೂಳಾಗುತ್ತದೆಯೇ ಹೊರತು ಲಾಭವಿಲ್ಲ.

ಬಿಸಿಲಿನಿಂದ ತಂದ ಬಿಸಿ ರಜಾಯಿಯನ್ನು ತಕ್ಷಣ ಮಡಿಸಿ ಬೀರುವಿನಲ್ಲಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಒಂದು ತಾಸು ಕೋಣೆಯಲ್ಲಿ ಹರಡಿ ತಣಿಸಿ ಇಡಬೇಕು. ಇಲ್ಲವಾದರೆ ಒಳಗಿನ ಬಿಸಿ ಆವಿ ಮುಚ್ಚಿದ ಜಾಗದಲ್ಲಿ ತಣಿದು ತೇವವಾಗಿ ಉಳಿದುಬಿಡುತ್ತದೆ.

ನೆನೆದರೆ, ಗಂಟುಕಟ್ಟಿದರೆ

ಬಾಲ್ಕನಿಯಲ್ಲಿ ಹಾಕಿದ ರಜಾಯಿ ಅಕಾಲ ಮಳೆಗೆ ನೆನೆಯಿತು ಎನ್ನೋಣ. ಅದನ್ನು ಹಗ್ಗಕ್ಕೆ ನೇತುಹಾಕಬಾರದು. ಹತ್ತಿಯೆಲ್ಲ ಕೆಳಕ್ಕೆ ಜಾರುತ್ತದೆ. ಮಂಚದ ಮೇಲೆ ಅಗಲವಾಗಿ ಹರಡಿ, ಒಣ ಟವೆಲ್ಲುಗಳಿಂದ ಒತ್ತಿ ನೀರು ತೆಗೆದು, ಫ್ಯಾನ್‌ ಹಾಕಿ ಅಥವಾ ಬಿಸಿಲು ಬಂದೊಡನೆ ಹೊರಗಿಟ್ಟು ಒಣಗಿಸಬೇಕು. ಮುಖ್ಯವಾದ ಕೆಲಸ ಇರುವುದು ಅರೆತೇವದ ಹೊತ್ತಿನಲ್ಲಿ. ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತ, ಬಟ್ಟೆಯ ಮೇಲಿನಿಂದಲೇ ಗಂಟುಗಳನ್ನು ಎರಡೂ ಕೈಗಳ ಬೆರಳಿನಿಂದ ಹಿಡಿದು ಬಿಡಿಸುತ್ತ ಬಂದರೆ ಅವು ಗಟ್ಟಿಯಾಗುವ ಮುನ್ನವೇ ಬಿಡಿಬಿಡಿಯಾಗುತ್ತವೆ. ಎರಡು ದಿನವಾದರೂ ಪೂರ್ತಿ ಒಣಗದಿದ್ದರೆ ಕಾಯಬಾರದು. ಹೊಲಿಗೆ ಬಿಚ್ಚಿ ಹತ್ತಿಯನ್ನು ಹೊರತೆಗೆದೇ ಒಣಗಿಸಬೇಕು.

ಈಗಾಗಲೇ ಗಂಟುಕಟ್ಟಿದ್ದರೆ ಎಷ್ಟರ ಮಟ್ಟಿಗೆ ಎಂದು ನೋಡಲು ಇಬ್ಬರು ರಜಾಯಿಯನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿಯಬೇಕು. ಬೆಳಕು ಬೀಳುವ ಕಡೆ ಹತ್ತಿಯಿಲ್ಲ, ಕಪ್ಪಾಗಿ ಕಾಣುವ ಕಡೆ ಗಂಟಿದೆ. ಅಂತಹ ಖಾಲಿ ಜಾಗಗಳು ಅಂಗೈಯಷ್ಟು ಅಗಲದವು ಒಂದೆರಡು ಮಾತ್ರ ಇದ್ದರೆ ಬಿಸಿಲು, ಬೆರಳು ಮತ್ತು ಬೆತ್ತದಿಂದ ಸರಿಪಡಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಮತ್ತೆ ಹಿಂಜಿಸುವುದೊಂದೇ ದಾರಿ.

ಬಿಲ್ಲಿನ ನಾರಿಯನ್ನು ಮಿಡಿದು ಹತ್ತಿ ಹಿಂಜುವುದು ಕರ್ನಾಟಕದಲ್ಲಿ ಪಿಂಜಾರ ಅಥವಾ ನದಾಫ್‌ ಸಮುದಾಯದ ಪರಂಪರೆಯ ಕಸುಬು. ನಾರಿಯ ಕಂಪನಕ್ಕೆ ಅಂಟಿಕೊಂಡ ಎಳೆಗಳು ಬಿಡಿಯಾಗಿ ಮೇಲೇಳುತ್ತವೆ, ಧೂಳು ಕೆಳಗೆ ಉದುರುತ್ತದೆ. ಈಗ ಹಾಸಿಗೆ ಅಂಗಡಿಗಳಲ್ಲಿ ಇದೇ ಕೆಲಸವನ್ನು ಹಲ್ಲುಗಳಿರುವ ಉರುಳೆಯ ಯಂತ್ರ ಮಾಡುತ್ತದೆ.

ಆರಂಭದಲ್ಲಿ ಹೇಳಿದ ಮನೆಯ ರಜಾಯಿಗೆ ಈ ಕ್ರಮವನ್ನು ಅನ್ವಯಿಸಿ ನೋಡಬಹುದು. ಒಗೆದು ಹಾಳಾದ ರಜಾಯಿಯನ್ನು ಮೊದಲು ಪೂರ್ತಿ ಒಣಗಿಸಿ, ಒಂದು ಬದಿಯ ಹೊಲಿಗೆ ಮತ್ತು ನಡುವಿನ ಟಾಕುಗಳನ್ನು ಬಿಚ್ಚಬೇಕು. ಹೊರಬಂದ ಹತ್ತಿಯನ್ನು ಮೂಸಿ, ಬೂಷ್ಟು ಹಿಡಿದು ಕಪ್ಪಾದ ಗಂಟುಗಳನ್ನು ಎಸೆಯಬೇಕು. ಹಿಂಜಿದರೂ ಅದರ ವಾಸನೆ ಹೋಗುವುದಿಲ್ಲ. ಉಳಿದುದನ್ನು ಒಂದು ದಿನ ಬಿಸಿಲಿಗೆ ಹರಡಬೇಕು. ತೇವವಿರುವ ಹತ್ತಿ ಬಿಲ್ಲಿಗೂ ಬಿಡುವುದಿಲ್ಲ, ಯಂತ್ರಕ್ಕೂ ಬಿಡುವುದಿಲ್ಲ. ಖಾಲಿಯಾದ ಹೊರಬಟ್ಟೆಯನ್ನು ಬೇರೆಯಾಗಿ ಒಗೆದಿಡಬೇಕು. ಹಿಂಜುವ ಮುನ್ನ ಹತ್ತಿಯನ್ನು ತೂಗಿಸುವುದು ಮರೆಯಬಾರದು. ಎರಡು ಕಿಲೋದಲ್ಲಿ ಬೂಷ್ಟು ಮತ್ತು ಧೂಳಿಗೆ ಹೋಗಿ 1,700 ಗ್ರಾಂ ಉಳಿಯಿತೆಂದರೆ 300 ಗ್ರಾಂ ಹೊಸ ಹತ್ತಿಯನ್ನು ಹಳೆಯದರ ಜೊತೆಯಲ್ಲೇ ಹಿಂಜಿಸಬೇಕು. ಬೇರೆಯಾಗಿ ಹಿಂಜಿ ಮೇಲೆ ಹರಡಿದರೆ ಎರಡೂ ಕೂಡಿಕೊಳ್ಳದೆ ಪದರವಾಗಿ ಜಾರುತ್ತವೆ.

ಕೊನೆಯ ಮಾತು ಹೊಲಿಗೆಯದು. ಮೊದಲು ಒಂದಡಿ ಅಂತರದಲ್ಲಿದ್ದ ಟಾಕುಗಳನ್ನು ಈ ಬಾರಿ ಅಂಗೈ ಅಗಲಕ್ಕೊಂದರಂತೆ ಹಾಕಿಸಬೇಕು. ಅಷ್ಟು ಹತ್ತಿರ ಹೊಲಿದಾಗ ರಜಾಯಿ ತುಸು ತೆಳುವಾಗಿ ಕಾಣುತ್ತದೆ ನಿಜ, ಆದರೆ ಹತ್ತಿ ಇದ್ದಲ್ಲೇ ಇರುತ್ತದೆ. ಹಿಂಜಿದಾಗಲೆಲ್ಲ ಎಳೆಗಳು ಸ್ವಲ್ಪ ಸ್ವಲ್ಪ ತುಂಡಾಗುವುದರಿಂದ ಒಂದೇ ಹತ್ತಿಯನ್ನು ಮತ್ತೆ ಮತ್ತೆ ಹಿಂಜಿಸುತ್ತ ಹೋಗಲಾಗದು. ಬೆರಳಲ್ಲಿ ಎಳೆದರೆ ನಾರಾಗಿ ಬರದೆ ಪುಡಿಯಾಗಿ ಉದುರುವ ಹತ್ತಿಯ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ಎತ್ತಿಡುವಾಗ

ಕಂಬಳಿಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಅದಕ್ಕೆ ಕತ್ತಲೆ, ನೆಮ್ಮದಿ ಮತ್ತು ಬೆವರು, ಆಹಾರದ ಕಲೆಯಿರುವ ಉಣ್ಣೆ ಇಷ್ಟ. ಆದ್ದರಿಂದ ಕೊಳೆಯಾಗಿಯೇ ಎತ್ತಿಟ್ಟ ಕಂಬಳಿಗೆ ಹುಳು ಬೀಳುವುದು ಹೆಚ್ಚು. ಮಡಿಕೆಯ ಒಳಗೆ ಮರಳಿನಂತಹ ಹಿಕ್ಕೆ, ಬಿಳಿಯ ಬಲೆಯಂತಹ ನೂಲು ಕಂಡರೆ ಹುಳು ಇದೆಯೆಂದೇ ಅರ್ಥ. ಆಗ ಹೊರತೆಗೆದು ಒಂದೆರಡು ತಾಸು ಬಿಸಿಲಿಗೆ ಹಾಕಿ, ಮಡಿಕೆ, ಅಂಚುಗಳನ್ನು ಬ್ರಷ್ಷಿನಿಂದ ಚೆನ್ನಾಗಿ ಗುಡಿಸಬೇಕು. ಬೆಳಕು ಸಹಿಸದ ಹುಳುಗಳು ಉದುರುತ್ತವೆ. ಅದಕ್ಕೂ ಹೆಚ್ಚು ಹೊತ್ತಿನ ಸುಡುಬಿಸಿಲು ಉಣ್ಣೆಯನ್ನೇ ಬಡಕಲು ಮಾಡುತ್ತದೆ.

ಬೇವಿನ ಎಲೆ ಹಾಕುವುದರಿಂದ ಹಾನಿಯಿಲ್ಲ, ಆದರೆ ಈಗಾಗಲೇ ಇರುವ ಹುಳು ಅದರಿಂದ ಸಾಯುವುದೆಂದು ನಂಬಿ ಕೂರಬಾರದು. ನುಸಿಗುಳಿಗೆಯ ವಿಷಯದಲ್ಲಿ ಎಚ್ಚರ ಬೇಕು. ನ್ಯಾಫ್ತಲೀನ್‌ ಗುಳಿಗೆಗಳ ಆವಿ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳಲ್ಲಿ ರಕ್ತಕಣಗಳು ಒಡೆಯುವಂತೆ ಮಾಡಬಲ್ಲುದು. ಮಗುವಿಗೆ ಹೊದಿಸುವ ಬಟ್ಟೆಗಳ ನಡುವೆ ಅದನ್ನು ಇಡಲೇಬಾರದು.

ಮೂರೂ ಹೊದಿಕೆಗಳನ್ನು ಪ್ಲಾಸ್ಟಿಕ್‌ ಚೀಲದ ಬದಲು ಒಗೆದ ಹಳೆಯ ಪಂಚೆಯಲ್ಲಿ ಸುತ್ತಿಡುವುದು ಒಳ್ಳೆಯದು. ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಬೀಳುತ್ತದೆ. ಗಾಳಿ ಹೀರಿ ಚಪ್ಪಟೆ ಮಾಡುವ ಚೀಲಗಳು ಜಾಗ ಉಳಿಸುತ್ತವಾದರೂ, ತಿಂಗಳುಗಟ್ಟಲೆ ಒತ್ತಿಟ್ಟ ಹತ್ತಿ ಮೊದಲಿನಂತೆ ಉಬ್ಬುವುದಿಲ್ಲ. ಕಟ್ಟನ್ನು ಬೀರುವಿನ ಮೇಲಿನ ಅಂಕಣದಲ್ಲಿ, ಮಳೆ ಬಡಿಯುವ ಗೋಡೆಗೆ ತಾಗದಂತೆ ಇಡಬೇಕು. ರಜಾಯಿಯ ಮೇಲೆ ಭಾರ ಹೇರಬಾರದು.

ದಪ್ಪ ಹೊದಿಕೆ ಒಗೆಯಲು ರಾಜ್ಯದ ಬಹುಭಾಗದಲ್ಲಿ ಸರಿಯಾದ ಕಾಲವೆಂದರೆ ಶಿವರಾತ್ರಿಯಿಂದ ಯುಗಾದಿಯ ನಡುವಿನ ಒಣ ಬಿಸಿಲಿನ ದಿನಗಳು. ಚಳಿ ಶುರುವಾಗುವಾಗ, ಅಕ್ಟೋಬರ್‌–ನವೆಂಬರಿನಲ್ಲಿ ಒಗೆದರೆ ಹಿಂಗಾರು ಮಳೆಯ ಮೋಡದಡಿ ಒಣಗಿಸುವುದೇ ಪ್ರಯಾಸ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬಿಸಿಲು ಬಿದ್ದ ಒಂದು ದಿನವಾದರೂ ಕಟ್ಟು ಬಿಚ್ಚಿ ಗಾಳಿಗೆ ಹಾಕುವುದು ಅವಶ್ಯ.

ಆ ಅಪಾರ್ಟ್‌ಮೆಂಟಿನ ಮನೆಯ ಲೆಕ್ಕ ಇಷ್ಟು: ರಜಾಯಿ ಹಿಂಜಿಸಿದ ಮೇಲೆ ಮತ್ತೆ ಬಳಕೆಗೆ ಬರುತ್ತದೆ. ಅಜ್ಜಿಯ ಕೌದಿಗೆ ನಾಲ್ಕು ಹೊಲಿಗೆ ಹಾಕಿದರೆ ಸಾಕು. ಕುಗ್ಗಿದ ಕಂಬಳಿ ಮಾತ್ರ ಇನ್ನು ಹೊದಿಕೆಯಾಗದು. ಮಡಿಸಿ ನೆಲಕ್ಕೆ ಹಾಸಿ ಕೂರಲು ಉಪಯೋಗಕ್ಕೆ ಬರಬಹುದು.